ಗ್ಯಾನಮ್ಮನ ಸಾಬೂನಿಗೆ ನಾನು ಹಚ್ಚಿದ ಚೀಟಿ

ತುರ್ವಿಹಾಳದ ಗ್ಯಾನಮ್ಮ ಎಷ್ಟೇ ಸಾಬೂನು ಮಾಡಲಿ, ಮೊದಲ ಬಿಲ್ಲೆ ಮಾರುವುದಿಲ್ಲ. ನಲವತ್ತು ದಿನ ಒಣಗಿಸಿ, ಆ ಬಿಲ್ಲೆಯಿಂದ ತಾನೇ ಮೈ ತೊಳೆದುಕೊಳ್ಳುತ್ತಾಳೆ. ಎರಡು ದಿನ ಕಾಯುತ್ತಾಳೆ. ಕೆರೆತ, ಉರಿ ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆಯೇ ಉಳಿದವಕ್ಕೆ ಕಾಗದ ಸುತ್ತುವುದು. ಯಾಕೆ ಇಷ್ಟು ದಿನ ಅಂತ ಕೇಳಿದರೆ, "ಬಾಣಂತಿನ್ನ ಹ್ಯಾಂಗ ಇಡ್ತೀವಿ, ಹಂಗ ಇಡಬೇಕಪ. ಹಸೀದು ಹೊರಗ ಬಿಟ್ರ ಯಾರಿಗೂ ಚೊಲೋದಲ್ಲ" ಅನ್ನುತ್ತಾಳೆ.

ಇಂಥ ಹೆಂಗಸು ತನ್ನ ಕೈಯನ್ನೇ ನಂಬದ ಹಾಗೆ ಮಾಡಿದವನು ನಾನು. ಹೆಸರು ಹುಲಿಗೇಶ, ಸಿಂಧನೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದೇನೆ. ಇದು ಆಕೆಯ ಕಥೆ. ನಡುನಡುವೆ ನನ್ನ ಮೂತಿ ಕಾಣಿಸಿಕೊಂಡರೆ ಬೈಯಿರಿ. ಬೈಸಿಕೊಳ್ಳುವುದಕ್ಕೇ ಹೇಳುತ್ತಿದ್ದೇನೆ.

ತುರ್ವಿಹಾಳ ನನ್ನ ತಾಯಿಯ ತವರು. ಗ್ಯಾನಮ್ಮನ ಮನೆ ನಮ್ಮ ಅಜ್ಜಿಯ ಮನೆಗೆ ಹತ್ತಿದ ಗೋಡೆ. ಆಕೆಯ ಗಂಡ ಆದೆಪ್ಪ ಆಡು ಕಾಯುವವನು, ಮಾತು ಕಡಿಮೆ, ಆಡುಗಳ ಜೊತೆ ಮಾತ್ರ ಬಾಯಿ ತುಂಬ ಹರಟುತ್ತಾನೆ. ಮಹಿಳಾ ಸಂಘದವರು ಒಂದು ವಾರ ಸಾಬೂನು ಮಾಡುವುದನ್ನು ಕಲಿಸಿದಾಗ ಇಪ್ಪತ್ತು ಮಂದಿ ಹೋಗಿದ್ದರು. ಹತ್ತೊಂಬತ್ತು ಮಂದಿ ಪ್ರಮಾಣಪತ್ರಕ್ಕೆ ಫ್ರೇಮು ಹಾಕಿಸಿ ಸುಮ್ಮನಾದರು. ಗ್ಯಾನಮ್ಮ ಒಬ್ಬಳೇ ಮನೆಗೆ ಬಂದು, ಆಡಿನ ಹಾಲನ್ನು ಸೊಸೆ ಗಂಗಾಳ ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ, ಕಾಸ್ಟಿಕ್ ಸೋಡಾವನ್ನು ತಕ್ಕಡಿಯಲ್ಲಿ ಗುಂಜಿಯೂ ಹೆಚ್ಚುಕಡಿಮೆಯಾಗದಂತೆ ತೂಗಿ, ಸಾಬೂನು ಹಾಕತೊಡಗಿದಳು. ಹಾಲು ಗಡ್ಡೆ ಕಟ್ಟದಿದ್ದರೆ ಸೋಡಾದ ಕಾವಿಗೆ ಕಂದುಬಣ್ಣಕ್ಕೆ ತಿರುಗುತ್ತದಂತೆ. ಅದನ್ನು ಯಾರೂ ಕಲಿಸಿರಲಿಲ್ಲ. ಎರಡು ಸಲ ಸುಟ್ಟುಕೊಂಡು ತಾನೇ ಕಂಡುಕೊಂಡದ್ದು.

ಕಳೆದ ಜನವರಿಯಲ್ಲಿ ಆಕೆ ಊಟದ ಡಬ್ಬಿಯಲ್ಲಿ ನಾಲ್ಕು ಬಿಲ್ಲೆ ಇಟ್ಟುಕೊಂಡು ಬಸ್ಸಿಳಿದು ನನ್ನ ಸ್ಟುಡಿಯೋಕ್ಕೆ ಬಂದಳು.

"ಹುಲಿಗ್ಯಾ, ಇವುನ್ನ ಫೋಟೋ ಹೊಡದು ಮೊಬೈಲನ್ಯಾಗ ಹಾಕ್ತಾರಂತಲ್ಲ, ಹಂಗ ಹಾಕಿ ಕೊಡು."

"ಬರೀ ಹಾಕೋದಲ್ಲಕ್ಕ, ಅಂಗಡೀನ ತಗದು ಕೊಡ್ತೀನಿ ನಿಂಗ" ಅಂದೆ. ಬಾಯಿ ದೊಡ್ಡದು ನನ್ನದು.

ಆದರೆ ಕೆಲಸ ಮಾಡಿದೆ, ಸುಳ್ಳು ಹೇಳಬಾರದು. ಇನ್‌ಸ್ಟಾಗ್ರಾಮಿನಲ್ಲಿ ಆಕೆಯ ಹೆಸರಿಗೆ ವ್ಯಾಪಾರದ ಖಾತೆ ತೆರೆದೆ, ಅದಕ್ಕೊಂದು ಫೇಸ್‌ಬುಕ್ ಪೇಜು ಜೋಡಿಸಿದೆ, ಆರ್ಡರು ಹಾಕುವುದಕ್ಕೆ ಚಿಕ್ಕದೊಂದು ವೆಬ್‌ಸೈಟು ಮಾಡಿ ಅದು ನಮ್ಮದೇ ಅಂತ ರುಜುವಾತು ಕೊಟ್ಟೆ. ಆಮೇಲೆ ಕ್ಯಾಟಲಾಗು. ಒಂದೊಂದು ಸಾಬೂನಿಗೂ ಒಂದೊಂದು ಐಡಿ ಸಂಖ್ಯೆ, ಹೆಸರು, ಫೋಟೋ, ಬೆಲೆ, ವಿವರ, ವೆಬ್‌ಸೈಟಿನ ಕೊಂಡಿ. ಎಲ್ಲವನ್ನೂ ಇನ್‌ಸ್ಟಾಗ್ರಾಮಿನವರು ಪರಿಶೀಲಿಸಿ ಒಪ್ಪಿಗೆ ಕೊಟ್ಟ ಮೇಲೆ ಫೋಟೋಗಳಿಗೆ ಚೀಟಿ ಹಚ್ಚುವುದು. ಟ್ಯಾಗ್ ಅಂದರೆ ಆಕೆಗೆ ತಿಳಿಯುತ್ತಿರಲಿಲ್ಲ, ಹಾಗಾಗಿ ನಾವಿಬ್ಬರೂ ಚೀಟಿ ಅಂತಲೇ ಅನ್ನುತ್ತಿದ್ದೆವು. ಫೋಟೋ ಮೇಲೆ ಬೆರಳಿಟ್ಟರೆ ಸಾಬೂನಿನ ಹೆಸರು, ಬೆಲೆ ತೇಲಿ ಬರುತ್ತದೆ. ಅದನ್ನು ಒತ್ತಿದರೆ ಸಾಬೂನಿನ ಪುಟ, ಅಲ್ಲಿಂದ ಮುಂದೆ ವೆಬ್‌ಸೈಟು, ಅಲ್ಲಿ ಆರ್ಡರು. ಅಂಚೆ ಕಚೇರಿ ಹತ್ತಿರ ಅಂತ ಒಣಗಿದ ಬಿಲ್ಲೆಗಳನ್ನು ನನ್ನ ಸ್ಟುಡಿಯೋದಲ್ಲೇ ಇಟ್ಟುಕೊಂಡು ಕಳಿಸುವವನೂ ನಾನೇ.

ಮೊದಲು ಇದ್ದದ್ದು ಒಂದೇ ಸಾಬೂನು: 'ಗ್ಯಾನಮ್ಮನ ಕೈ ಸಾಬೂನು – ಸಾದಾ'. ಆಡಿನ ಹಾಲು, ಎಣ್ಣೆ, ವಾಸನೆ ಇಲ್ಲ, ಬಣ್ಣ ಇಲ್ಲ. ಹಸುಗೂಸಿಗೂ ಆಗುವಂಥದ್ದು. ನಮ್ಮ ಅಜ್ಜಿ ಕಾಲು ಚಾಚಿ ಕೂತು, ಕಾಲ ಮೇಲೆ ನನ್ನ ತಂಗಿಯ ಕೂಸನ್ನು ಮಲಗಿಸಿಕೊಂಡು ಎರೆಯುವ ಫೋಟೋ ಹೊಡೆದು ಹಾಕಿದೆ ನೋಡಿ, ಜನ ಹುಚ್ಚೆದ್ದು ಹಂಚಿದರು. ಮಾರ್ಚ್ ತುಂಬ ಆರ್ಡರು. ಗ್ಯಾನಮ್ಮ ಹಿಗ್ಗಿ ನನಗೆ ಒಂದು ಡಬ್ಬಿ ಆಡಿನ ತುಪ್ಪ ತಂದುಕೊಟ್ಟಳು. ವಾಸನೆ ತಡೆಯಲಾಗದೆ ಸ್ಟುಡಿಯೋದ ಬಾಗಿಲು ತೆರೆದಿಟ್ಟೆ, ಆದರೂ ಪೂರ್ತಿ ತಿಂದೆ.

ಬೇಸಿಗೆಗೆ ಆಡುಗಳ ಹಾಲು ಬತ್ತಿತು. ಸಾದಾ ಸಾಬೂನು ಮುಗಿಯಿತು. ಸುಮ್ಮನೆ ಕೂರುವ ಜೀವವೇ ಅದು? ಬರೀ ಕೊಬ್ಬರಿ ಎಣ್ಣೆ ಹಾಕಿ, ಸೋಡಾಕ್ಕೆ ಮೀರಿ ಎಣ್ಣೆ ಉಳಿಯದ ಹಾಗೆ ತೂಗಿ, ಇನ್ನೊಂದು ಸಾಬೂನು ತೆಗೆದಳು. ನಾಟಿ ಹಚ್ಚಿ ಬಂದವರ ಕೈಕಾಲಿನ ಕೆಸರು, ಟ್ರ್ಯಾಕ್ಟರ್ ರಿಪೇರಿಯವರ ಕೈಯ ಗ್ರೀಸು, ಎಲ್ಲವನ್ನೂ ಎಳೆದು ತೆಗೆಯುವಂಥ ಗಟ್ಟಿ ಸಾಬೂನು. 'ಗದ್ದೆ ಸಾಬೂನು' ಅಂತ ಹೆಸರಿಟ್ಟೆವು. ನೋಡುವುದಕ್ಕೆ ಸಾದಾದ ಹಾಗೇ ಬಿಳಿ. ಸಾದಾಕ್ಕೆ ಮೊದಲಿನಿಂದಲೂ ಬಿಳಿ ದಾರ ಸುತ್ತುತ್ತಿದ್ದಳು, ಗುರುತಿಗೆ ಗದ್ದೆಗೆ ಕೆಂಪು ದಾರ ಸುತ್ತಿದಳು. ದಾರದ ಅರ್ಥ ಆಕೆಗೆ ಗೊತ್ತು, ನನಗೆ ಗೊತ್ತು. ಕೊಳ್ಳುವವರಿಗೆ ಹೇಳಬೇಕು ಅಂತ ಇಬ್ಬರಿಗೂ ಹೊಳೆಯಲಿಲ್ಲ.

"ಕೂಸುಗಳಿಗೆ ಹಚ್ಚಬ್ಯಾಡ್ರಿ ಅಂತ ದಪ್ಪಗ ಬರಿ" ಅಂದಿದ್ದಳು ಗ್ಯಾನಮ್ಮ. ಗದ್ದೆ ಸಾಬೂನನ್ನು ಕೂಸಿಗೆ ಹಚ್ಚುವ ದಡ್ಡರು ಯಾರಿದ್ದಾರೆ ಅಂತ ನಾನು ಬರೆಯಲಿಲ್ಲ.

ಅಷ್ಟೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಹೊಸ ಸಾಬೂನನ್ನು ಕ್ಯಾಟಲಾಗಿಗೆ ಸೇರಿಸುವಾಗ ವಿವರದಲ್ಲಿ 'ಕೆಸರಿನ ಹುಣ್ಣು, ತುರಿಕೆ ಮಾಯ' ಅಂತ ಜಂಬ ಬರೆದೆ. ರೋಗ ವಾಸಿಮಾಡುತ್ತೇನೆ ಅಂದರೆ ಅವರು ಒಪ್ಪುವುದಿಲ್ಲ, ತಿರಸ್ಕರಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಹುಣ್ಣಿನ ಮಾತು ತೆಗೆದು ಮತ್ತೆ ಕಳಿಸಿದ್ದರೆ ಮುಗಿಯುತ್ತಿತ್ತು. ಅವತ್ತು ಎರಡು ಮದುವೆಯ ಆಲ್ಬಮ್ಮು ಬೇರೆ ತಲೆಯ ಮೇಲಿದ್ದವು. ಹೊಸದಾಗಿ ಎಲ್ಲ ತುಂಬುವವರು ಯಾರು ಅಂತ, ಮೊದಲೇ ಒಪ್ಪಿಗೆಯಾಗಿದ್ದ ಸಾದಾ ಸಾಬೂನಿನ ಪುಟ ತೆರೆದೆ. ಹೇಗೂ ಸ್ಟಾಕು ಮುಗಿದಿದೆ. ಅದರಲ್ಲೇ 'ಸಾದಾ' ಅಳಿಸಿ 'ಗದ್ದೆ' ಬರೆದೆ, ಹುಣ್ಣಿನ ಮಾತು ಬಿಟ್ಟು ವಿವರ, ಬೆಲೆ, ಕೊಂಡಿ ಬದಲಿಸಿದೆ. ಬಿಲ್ಲೆ ಎರಡೂ ಒಂದೇ ಥರ, ಫೋಟೋ ಹಾಗೇ ಬಿಟ್ಟೆ. ಪರಿಶೀಲನೆಯಲ್ಲಿ ಸಲೀಸಾಗಿ ಪಾಸಾಯಿತು. ಮೀಸೆ ತಿರುವಿಕೊಂಡೆ.

ಮಾಡಬೇಕಾಗಿದ್ದದ್ದು ಇಷ್ಟೇ: ಹಳೆಯದಕ್ಕೆ 'ಸ್ಟಾಕ್ ಇಲ್ಲ' ಅಂತ ಗುರುತು ಹಾಕಿ, ಗದ್ದೆ ಸಾಬೂನಿಗೆ ಬೇರೆ ಐಡಿ ಕೊಟ್ಟು ಬೇರೆ ಪುಟ ಮಾಡುವುದು. ಚೀಟಿ ಅಂಟುವುದು ಆ ಐಡಿಗೆ. ಪುಟದೊಳಗೆ ಹೆಸರು ಬದಲಾದರೆ, ಹಿಂದೆ ಆ ಚೀಟಿ ಹಚ್ಚಿದ ಫೋಟೋಗಳೆಲ್ಲ ಹೊಸ ಹೆಸರನ್ನೇ ತೋರಿಸುತ್ತವೆ. ಹನ್ನೊಂದು ಹಳೆಯ ಫೋಟೋಗಳಿದ್ದವು. ಅಜ್ಜಿ ಕೂಸಿಗೆ ಎರೆಯುವ ಫೋಟೋ ಅವುಗಳಲ್ಲೊಂದು. ಮೊಬೈಲಿನಲ್ಲಿ 'ಗ್ಯಾನಮ್ಮನ ಕೈ ಸಾಬೂ' ಅಂತ ಬಂದು ಮೂರು ಚುಕ್ಕಿ ಬೀಳುತ್ತಿತ್ತು. ಸಾದಾ ಅನ್ನುವುದೂ ಗದ್ದೆ ಅನ್ನುವುದೂ ಆ ಚುಕ್ಕಿಗಳ ಆಚೆ.

ಆಗಸ್ಟ್ ಕೊನೆಗೆ ಗ್ಯಾನಮ್ಮನ ಫೋನು ಬಂತು.

"ಹುಲಿಗ್ಯಾ, ಲಿಂಗಸುಗೂರಿಂದ ಪರ್ವೇಜ್ ಅಂತ ಯಾರೋ ಫೋನ್ ಮಾಡ್ಯಾರ. ಎರಡು ತಿಂಗಳ ಕೂಸಿಗೆ ನಮ್ಮ ಸಾಬೂನು ಹಚ್ಚ್ಯಾರಂತ. ನಾಕು ದಿನ ಹಚ್ಚೂದ್ರಾಗ ಮೈ ಎಲ್ಲ ಕೆಂಪಾಗಿ, ಕಂಕಳದಾಗ ಚರ್ಮ ಬಿರದು, ಒಂದs ಸವನ ಅಳಾಕತ್ತೈತಂತ. ದವಾಖಾನಿಗೆ ತೋರಿಸ್ಯಾರ. ಸೋಡಾ ಹೆಚ್ಚಿಗಿ ಹಾಕ್ಯೇನೇನೋ ಯಪ್ಪಾ, ನನ್ನ ಕೈಯಾಗ ಎಂಥ ಪಾಪ ಆತು!"

"ನೋಡ್ತೀನಕ್ಕ, ನೋಡ್ತೀನಿ" ಅಂದೆ.

ನೋಡಿದೆ. ಆರ್ಡರಿನ ಪಟ್ಟಿಯಲ್ಲಿ ಪರ್ವೇಜ್, ಲಿಂಗಸುಗೂರು, ಗದ್ದೆ, ಎರಡು ಬಿಲ್ಲೆ. ಅಜ್ಜಿಯ ಫೋಟೋ ತೆರೆದು ಬೆರಳಿಟ್ಟೆ. ಚೀಟಿ ತೇಲಿ ಬಂತು, ಒತ್ತಿದೆ, ಗದ್ದೆ ಸಾಬೂನಿನ ಪುಟ. ಗ್ಯಾನಮ್ಮನ ಸೋಡಾ ತೂಕ ತಪ್ಪಿರಲಿಲ್ಲ. ಆ ಸಾಬೂನು ಗ್ರೀಸು ತೆಗೆಯುವುದಕ್ಕೆ ಮಾಡಿದ್ದು, ಗ್ರೀಸು ತೆಗೆಯುತ್ತಿತ್ತು. ಕೂಸಿನ ಕಂಕುಳಿಗೆ ಅದನ್ನು ಮುಟ್ಟಿಸಿದವನು ನಾನು.

ಆಗಲೇ ಫೋನು ಮಾಡಿ ಹೇಳಬಹುದಿತ್ತು. ಏನು ಮಾಡಿದೆ ಗೊತ್ತೇ? ಬಾಗಿಲು ಅರ್ಧ ಹಾಕಿಕೊಂಡು ಕೂತು, ಗದ್ದೆ ಸಾಬೂನಿಗೆ ಹೊಸ ಐಡಿ ಕೊಟ್ಟು ಬೇರೆ ಪುಟ ಮಾಡಿದೆ, 'ಸಣ್ಣ ಮಕ್ಕಳಿಗೆ ಬೇಡ' ಅಂತ ದಪ್ಪಗೆ ಬರೆದೆ, ಕೆಂಪು ದಾರದ ಫೋಟೋ ಹಾಕಿದೆ. ಹಳೆಯ ಪುಟಕ್ಕೆ 'ಸಾದಾ' ಅಂತ ಮತ್ತೆ ಬರೆದು, 'ಸ್ಟಾಕ್ ಇಲ್ಲ' ಮಾಡಿದೆ. ಹನ್ನೊಂದು ಫೋಟೋಗಳೂ ಏನೂ ನಡೆದೇ ಇಲ್ಲ ಅನ್ನುವ ಹಾಗೆ ಸಾದಾ ಸಾಬೂನನ್ನು ತೋರಿಸತೊಡಗಿದವು. ಇನ್ನೊಂದು ಕೂಸಿಗೆ ತೊಂದರೆಯಾಗಬಾರದು ಅಂತ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ಖರೆ. ಇನ್ನರ್ಧ, ಕಳ್ಳ ಹೆಜ್ಜೆ ಗುರುತು ಅಳಿಸಿದ್ದು.

ಎರಡು ದಿನ ಬಿಟ್ಟು ಗ್ಯಾನಮ್ಮ ಬಂದಳು. "ಲಿಂಗಸುಗೂರಿಗೆ ಕರಕೊಂಡು ಹೋಗು. ಕೂಸನ್ನ ಕಣ್ಣಾರೆ ನೋಡಬೇಕು, ತಪ್ಪಾತು ಅನಬೇಕು." ಬೇಡ ಅಂದೆ, ಅವರು ಸಿಟ್ಟಿನಲ್ಲಿದ್ದಾರೆ ಅಂದೆ, ಫೋನಿನಲ್ಲೇ ಹೇಳು ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೇನೋ ಅಂದೆ. ಆಕೆ ಬೈಕಿನ ಹಿಂದೆ ಹತ್ತಿ ಕೂತೇಬಿಟ್ಟಳು. ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಕುಡಿಯಲಿಲ್ಲ.

"ಮೊದಲಿನ ಬಿಲ್ಲೆ ನಾನs ಹಚ್ಚಿಕೊಂಡು ನೋಡ್ತೀನಲ್ಲ, ನಂಗ್ಯಾಕ ಗೊತ್ತಾಗಲಿಲ್ಲ?" ಅಂತ ತನ್ನ ಮುಂಗೈಯನ್ನು ತಿರುತಿರುಗಿಸಿ ನೋಡಿಕೊಂಡಳು. "ಬಿಸಲಾಗ ದುಡದ ಚರ್ಮ, ಇದಕ್ಕೇನು ತಿಳೀತೈತಿ. ಇಷ್ಟ ದಿನ ಇದನ್ನ ನಂಬಿ ಮಂದಿಗೆ ಕೊಟ್ಟೆನಲ್ಲೋ."

ಈಗ ಹೇಳು, ಈಗ ಹೇಳು ಅಂತ ಒಳಗೆ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಚಹಾದ ದುಡ್ಡು ಕೊಟ್ಟು ಬೈಕು ಚಾಲೂ ಮಾಡಿದೆ.

ಪರ್ವೇಜ್ ಗುಜರಿ ವ್ಯಾಪಾರಿ, ಮೂವತ್ತರ ಹರೆಯ. ಅವನ ತಾಯಿ ಮೆಹಬೂಬ್‌ಬೀ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚಾಪೆಯ ಮೇಲೆ ಕೂತಿದ್ದರು. ನನಗೊಂದು ಕುರ್ಚಿ ಕೊಟ್ಟರು. ನನ್ನ ಕಣ್ಣು ಮನೆಯ ಮೂಲೆಮೂಲೆ ಹುಡುಕುತ್ತಿತ್ತು, ಎಲ್ಲಾದರೂ ಕೆಂಪು ದಾರದ ಬಿಲ್ಲೆ ಇದೆಯೇ ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಜಾತಿ. "ಎರಡೂ ಬಿಲ್ಲೆ ತಗದು ಗಟಾರಕ್ಕ ಒಗದೀನಿ" ಅಂದ ಪರ್ವೇಜ್. ಎದೆ ಹಗುರಾಯಿತು. ಹಗುರಾಯಿತಲ್ಲ ಅಂತ ಮರುಕ್ಷಣಕ್ಕೇ ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು.

ಕೂಸು ಗುಣವಾಗುತ್ತಿತ್ತು. ಕಂಕುಳಲ್ಲಿ ಮುಲಾಮು ಮೆತ್ತಿದ ಕಡೆ ಇನ್ನೂ ಕೆಂಪಿತ್ತು. ಗ್ಯಾನಮ್ಮ ಅದನ್ನು ನೋಡಿ ನೆಲಕ್ಕೆ ಕೂತಳು.

"ಯಕ್ಕಾ, ನನ್ನ ಕೈ ತಪ್ಪೈತ್ರಿ. ಯಾವ ತಪ್ಪೂ ಕೂಸಿಂದಲ್ಲ, ನಿಮ್ದಲ್ಲ. ನಂದು" ಅನ್ನುತ್ತ ಮೆಹಬೂಬ್‌ಬೀಯ ಕಾಲು ಹಿಡಿದಳು.

"ಅಯ್ಯ ತೋಬಾ, ಕಾಲು ಬಿಡವ್ವ! ಬೇಕಂತ ಮಾಡೀಯೇನು?" ಅಂತ ಅವರು ಗ್ಯಾನಮ್ಮನ ಕೈ ಹಿಡಿದು ಎಬ್ಬಿಸಲು ನೋಡಿದರು.

ಪರ್ವೇಜನ ಸಿಟ್ಟು ಇಳಿದಿರಲಿಲ್ಲ. "ಮತ್ತ ಫೋಟೋದಾಗ ಕೂಸಿಗೆ ಆಗ್ತೈತಿ ಅಂತ ಯಾಕ ಹಾಕೀರಿ? ನಾ ಇದನ್ನs ಒತ್ತಿ ತರಿಸೀನಿ, ನೋಡ್ರಿ" ಅಂತ ಮೊಬೈಲು ತಂದು ಅಜ್ಜಿಯ ಫೋಟೋ ತೆರೆದು ಬೆರಳಿಟ್ಟ. ಸಾದಾ ಸಾಬೂನಿನ ಪುಟ ಬಂತು. ನಾನು ಎರಡು ದಿನದ ಹಿಂದೆ ಕೂತು ತಿದ್ದಿದ ಪುಟ. ಓದಲು ಬಾರದ ಗ್ಯಾನಮ್ಮ ಬಿಳಿ ದಾರದ ಬಿಲ್ಲೆಯ ಚಿತ್ರ ನೋಡಿ ತಲೆ ತಗ್ಗಿಸಿದಳು. "ಹೌದ್ರಿ, ಇದು ಸಾದಾದ್ದು. ಕೂಸಿಗಂತನs ಮಾಡಿದ್ದು" ಅಂದಳು. ಸ್ಟುಡಿಯೋದಲ್ಲಿ ಉಳಿದಿದ್ದ ಹಳೆಯ ಬಿಲ್ಲೆ ಹೋಗಿರಬೇಕು ಅಂದುಕೊಂಡಿದ್ದಳು.

ಸಾದಾ ಸಾಬೂನಿನ ಮೇಲೆ ನಾನು ಮಾಡಿದ ಪಾಪವನ್ನು ಹೊರಿಸಿ, ಅದಕ್ಕೆ ಸಾಕ್ಷಿಯನ್ನೂ ನಾನೇ ತಯಾರು ಮಾಡಿಟ್ಟಿದ್ದೆ. ಕುರ್ಚಿ ಬಿಟ್ಟು ಏಳಲಿಲ್ಲ, ಬಾಯಿ ತೆರೆಯಲಿಲ್ಲ.

ಹತ್ತು ದಿನ ಕಳೆದವು. ಮಳೆಗೆ ಆಡುಗಳು ಈದು ಹಾಲು ಬಂದಿತ್ತು. ಗ್ಯಾನಮ್ಮನ ಪಡಸಾಲೆಯಲ್ಲಿ ಹೊಸ ಸಾದಾ ಸಾಬೂನು, ನೂರಾ ನಲವತ್ತು ಬಿಲ್ಲೆ, ಹಲಗೆಗಳ ಮೇಲೆ ಒಣಗುತ್ತಿದ್ದವು. ಮೂವತ್ತೊಂದನೆಯ ದಿನ ಆಕೆ ನನ್ನನ್ನು ಕರೆಸಿದಳು. ಹೋದರೆ ಹಿತ್ತಿಲಲ್ಲಿ ಆದೆಪ್ಪ ಗುಂಡಿ ತೋಡುತ್ತಿದ್ದಾನೆ.

"ಅಂಗಡಿ ಮುಚ್ಚಿಬಿಡು ತಮ್ಮ" ಅಂದಳು ಗ್ಯಾನಮ್ಮ. "ಆ ಫೋಟೋ, ಆ ಚೀಟಿ ಎಲ್ಲ ತಗದು ಹಾಕು. ಇವುನ್ನೂ ಮುಚ್ಚತೀವಿ. ಯಾರ ಮೈಗೂ ಹತ್ತೂದು ಬ್ಯಾಡ. ಒಂಚೂರು ಹಲಗಿ ಹಿಡಿ."

ಹಿಡಿದೆ ಕಣ್ರೀ. ಇದನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹಿಡಿದೆ. ಮೊದಲನೆಯ ಹಲಗೆಯನ್ನು ಒಯ್ದು ಗುಂಡಿಗೆ ಸುರಿದೆ. ಎರಡನೆಯದನ್ನೂ ಸುರಿದೆ. ಬಿಲ್ಲೆಗಳು ಒಂದರ ಮೇಲೊಂದು ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಆದೆಪ್ಪ ಸಲಿಕೆ ಹಿಡಿದು ಮುಖ ಆಚೆ ಮಾಡಿ ನಿಂತಿದ್ದ. ಮೂರನೆಯ ಹಲಗೆಗೆ ಕೈ ಹಾಕಿದಾಗ ಸೊಸೆ ಗಂಗಾ ಹೊಸಿಲಲ್ಲಿ ಬಂದು ನಿಂತಳು. ಏಳು ತಿಂಗಳ ಬಸುರಿ.

"ಅತ್ತಿ, ನಾಕು ಬಿಲ್ಲೆ ಇಡ್ರಿ, ನನ್ನ ಕೂಸಿಗೆ ಬೇಕಾಗ್ತಾವು" ಅಂದಳು.

ಗ್ಯಾನಮ್ಮ ತಿರುಗಿ ನೋಡಲಿಲ್ಲ. "ಬ್ಯಾಡವ್ವ. ನಿನ್ನ ಕೂಸಿಗೆ ಅಂಗಡ್ಯಾಗಿಂದು ತರೂಣು. ನನ್ನ ಕೈ ಈಗ ಖಾತ್ರಿ ಇಲ್ಲ."

ಹಲಗೆ ಕೆಳಗಿಟ್ಟೆ. ಗುಂಡಿಯ ಅಂಚಿಗೇ ಕೂತೆ.

"ಅಕ್ಕಾ, ನಿನ್ನ ಕೈ ತಪ್ಪಿಲ್ಲ. ನಾ ತಪ್ಪೀನಿ" ಅಂದೆ. ಎಲ್ಲ ಹೇಳಿದೆ. ಸಾದಾದ ಪುಟದಲ್ಲಿ ಗದ್ದೆ ಸಾಬೂನು ಬರೆದದ್ದು, ಕೂಸಿನ ಫೋಟೋದ ಚೀಟಿ ಅದಕ್ಕೆ ಹೋದದ್ದು, ಪರ್ವೇಜನಿಗೆ ಕೆಂಪು ದಾರದ್ದನ್ನು ಕಳಿಸಿದ್ದು, ಆಕೆ ಹೇಳಿದ ಎಚ್ಚರಿಕೆ ಬರೆಯದೆ ಬಿಟ್ಟದ್ದು, ಆಮೇಲೆ ಗುಟ್ಟಾಗಿ ತಿದ್ದಿದ್ದು. ಹೇಳುತ್ತ ಹೇಳುತ್ತ ಅತ್ತೆ. ಅದರಿಂದ ಏನೂ ಉಪಯೋಗವಾಗಲಿಲ್ಲ.

ಬೈಯುತ್ತಾಳೆ ಅಂದುಕೊಂಡಿದ್ದೆ. ಕೈಯಲ್ಲಿದ್ದ ಸಲಿಕೆಯಿಂದಲೇ ಆದೆಪ್ಪ ಬಡಿದಿದ್ದರೂ ಬಡಿಸಿಕೊಳ್ಳುತ್ತಿದ್ದೆ. ಗ್ಯಾನಮ್ಮ ಗುಂಡಿಯೊಳಗೆ ಇಳಿದಳು. ಮಣ್ಣು ಹತ್ತಿದ ಒಂದೊಂದೇ ಬಿಲ್ಲೆಯನ್ನು ಎತ್ತಿ, ಸೆರಗಿನಿಂದ ಒರೆಸಿ, ಮೇಲಿಡತೊಡಗಿದಳು. ನಾನೂ ಇಳಿಯಲು ಹೋದೆ.

"ನೀ ಮುಟ್ಟಬ್ಯಾಡ" ಅಂದಳು.

ಎಲ್ಲವನ್ನೂ ಎತ್ತಿ ಮುಗಿಸಿದ ಮೇಲೆ ಮಾತಾಡಿದಳು. "ನೀ ಗಲತಿ ಮಾಡಿದ್ದಕ್ಕ ಸಿಟ್ಟಿಲ್ಲಪ. ನಾನೂ ಹಾಲು ಎರಡು ಸಲ ಸುಟ್ಟೀನಿ. ಆದ್ರ, ಹನ್ನೆರಡು ದಿನ ನನ್ನ ಕೈ ನೋಡಿಕೊಂಡು ನಾ ಅಳೂದನ್ನ ನೀ ನೋಡೀದಿ. ನೋಡಿಕೋಂತ ಸುಮ್ನ ಇದ್ದಿ." ಸೆರಗಿನ ಮಣ್ಣು ಕೊಡವಿಕೊಂಡು, "ಆ ಮೊಬೈಲಿನ ಅಂಗಡಿ ಕೀಲಿ ಗಂಗಾಗ ಕೊಡು. ಆಕಿ ಪಿಯುಸಿ ಓದ್ಯಾಳ, ನಂಗ ಓದಿ ಹೇಳಿ ಬರೀತಾಳ. ನೀ ಫೋಟೋ ಹೊಡಿ, ಸಾಕು. ಈಗ ಲಿಂಗಸುಗೂರಿಗೆ ಹೋಗು. ನಾ ಬರಂಗಿಲ್ಲ, ಒಬ್ಬನs ಹೋಗು" ಅಂದಳು.

ಹೋದೆ. ಮಸ್ಕಿಯಲ್ಲಿ ನಿಲ್ಲಲಿಲ್ಲ. ನಿಂತರೆ ಹಿಂದಕ್ಕೆ ತಿರುಗಿಬಿಡುತ್ತೇನೆ ಅಂತ ನನಗೆ ಗೊತ್ತಿತ್ತು.

ಪರ್ವೇಜ್ ಗುಜರಿಯ ಕೆಲಸಕ್ಕೆ, ಅವನ ಹೆಂಡತಿ ನಲ್ಲಿಯ ನೀರಿಗೆ ಹೋಗಿದ್ದರು. ಮೆಹಬೂಬ್‌ಬೀ ಒಬ್ಬರೇ ಇದ್ದರು, ತೊಟ್ಟಿಲು ತೂಗುತ್ತಿದ್ದರು. ಕೂಸಿನ ಮೈ ತಿಳಿಯಾಗಿತ್ತು, ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಪರ್ವೇಜನ ಮೊಬೈಲಿನಲ್ಲಿ ಅವತ್ತು ಕಂಡದ್ದು ನಾನು ಆಮೇಲೆ ತಿದ್ದಿದ ಪುಟ ಅನ್ನುವುದನ್ನೂ ಬಿಡಲಿಲ್ಲ. ಐಡಿ, ಕ್ಯಾಟಲಾಗು ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಬೇರೆ ಸಾಬೂನು ಕಳಿಸಿದ್ದು ನಾನು, ಗ್ಯಾನಮ್ಮನದು ಏನೂ ತಪ್ಪಿಲ್ಲ ಅನ್ನುವುದಂತೂ ತಿಳಿಯಿತು. ತೊಟ್ಟಿಲ ಹಗ್ಗ ಬಿಟ್ಟು ನನ್ನನ್ನೇ ನೋಡಿದರು.

"ಬೇಟಾ, ಅವತ್ತು ಆಕಿ ನನ್ನ ಕಾಲು ಹಿಡದಾಗ ನೀ ಇಲ್ಲೇ ಕುಂತಿದ್ದೆಲ್ಲ?"

"ಹೌದ್ರಿ."

"ನಿಂಗ ಗೊತ್ತಿತ್ತು?"

"ಗೊತ್ತಿತ್ತು" ಅಂದೆ.

ಅವರು ಎದ್ದು, ಗೋಡೆಗೆ ತೂಗುಹಾಕಿದ್ದ ಬುರ್ಖಾ ತೆಗೆದು ತೊಟ್ಟುಕೊಂಡರು. ಪಕ್ಕದ ಮನೆಯವರನ್ನು ಕೂಗಿ, ಸೊಸೆ ಬರುವ ತನಕ ಕೂಸಿನ ಕಡೆ ನೋಡಿಕೊಳ್ಳಿ ಅಂದರು.

"ತುರ್ವಿಹಾಳಕ್ಕ ಬಸ್ ಎಷ್ಟೊತ್ತಿಗೈತಿ?" ಅಂತ ಕೇಳಿದರು.

ಬೈಕಿನಲ್ಲಿ ನಾನೇ ಕರೆದೊಯ್ಯುತ್ತೇನೆ ಅಂದೆ.

"ಬ್ಯಾಡ" ಅಂದರು ಮೆಹಬೂಬ್‌ಬೀ. "ತಪ್ಪಿಲ್ಲದಾಕಿ ಕೈಲೆ ಕಾಲು ಹಿಡಿಸಿಕೊಂಡೀನಿ. ಆಕಿ ಮುಂದ ನಾನೂ ಕೈ ಮುಗಿಯೂದೈತಿ. ಈ ಸಲಾನೂ ನೀ ಕುಂತು ನೋಡೂದು ಬ್ಯಾಡ."